ವರ್ಷಕ್ಕೆ ಮೂರೇ ಗೇಮ್: ದುಡ್ಡಿಗೆ ತಕ್ಕ ಗಂಟೆ

“ಸ್ಟೀಮ್‌ನಲ್ಲಿ ವರ್ಷಕ್ಕೆ ಮೂರೇ ಗೇಮ್ ತಗೋತೀನಿ. ನೂರು ಗಂಟೆಯದ್ದು ಅಂತ ತಗೊಂಡ್ರೂ ಹತ್ತು ಗಂಟೆಗೆ ಬಿಟ್ಟುಬಿಡ್ತೀನಿ. ಹೇಗೆ ಆರಿಸೋದು?”

ನೀವು ನೋಡುತ್ತಿರುವುದು ಗೇಮಿನ ಉದ್ದ, ನಿಮ್ಮ ತಾಳ್ಮೆಯ ಉದ್ದವಲ್ಲ. 3,000 ರೂಪಾಯಿಯ ಗೇಮನ್ನು ಹತ್ತು ಗಂಟೆಗೆ ಬಿಟ್ಟರೆ ಗಂಟೆಗೆ 300 ಬಿತ್ತು. 500ರದ್ದನ್ನು ಐವತ್ತು ಗಂಟೆ ಆಡಿದರೆ ಬರೀ 10.

ಮೊದಲು ನಿಮ್ಮ ಲೈಬ್ರರಿ ತೆರೆಯಿರಿ. ಪ್ರತಿ ಗೇಮಿನಲ್ಲೂ ಆಡಿದ ಗಂಟೆ ಇರುತ್ತೆ. ಕೊಟ್ಟ ದುಡ್ಡನ್ನು ಅದರಿಂದ ಭಾಗಿಸಿ. ಅಗ್ಗವಾಗಿ ಬಿದ್ದ ಎರಡು ಮೂರು ಗೇಮ್ ಯಾವ ಬಗೆಯವು ನೋಡಿ, ಮುಂದಿನದನ್ನು ಅದೇ ಬಗೆಯಲ್ಲಿ ಹುಡುಕಿ. ನಿಮ್ಮ ರುಚಿ ನನಗೆ ಗೊತ್ತಿಲ್ಲ, ಆದರೆ ಹತ್ತು ಗಂಟೆಗೆ ಬೇಜಾರಾಗುವವರಿಗೆ ದೊಡ್ಡ ಕಥೆಯ ಗೇಮಿಗಿಂತ ಪ್ರತಿ ಸಲ ಹೊಸದಾಗಿ ಶುರುವಾಗುವಂಥವು ಒಗ್ಗಬಹುದು. ಸ್ಲೇ ದಿ ಸ್ಪೈರ್ ಅಂಥದ್ದು. ಒಂದು ಆಟ ಸುಮಾರು ಒಂದು ಗಂಟೆ, ಅಷ್ಟೇ.

ಆಮೇಲೆ ತಗೋಬೇಕು ಅಂದುಕೊಂಡ ಗೇಮಿನ ಸ್ಟೀಮ್ ಪುಟದಲ್ಲಿ ಅಚೀವ್‌ಮೆಂಟ್‌ಗಳ ಪಟ್ಟಿ ನೋಡಿ. ಕಥೆ ಮುಗಿಸಿದ್ದಕ್ಕೆ ಸಿಗುವುದರ ಪಕ್ಕದ ಶೇಕಡಾ ತೀರಾ ಕಮ್ಮಿ ಇದ್ದರೆ, ಜಾಸ್ತಿ ಜನ ನಿಮ್ಮ ಹಾಗೇ ಮಧ್ಯದಲ್ಲೇ ಬಿಟ್ಟಿದ್ದಾರೆ ಅಂತ ಅರ್ಥ.

ಬೆಲೆಗೆ SteamDB ಅನ್ನೋ ಸೈಟ್ ನೋಡಿ, ಹಿಂದೆ ಎಷ್ಟಕ್ಕೆ ಇಳಿದಿತ್ತು ಅಂತ ಸಿಗುತ್ತೆ. ಅಷ್ಟಕ್ಕೆ ಬರುವವರೆಗೆ ಕಾಯಿರಿ. ಫ್ಯಾಕ್ಟೋರಿಯೋ ಗೇಮಿಗೆ ಮಾತ್ರ ಸುಮ್ನೆ ಕಾಯಬೇಡಿ, ಅದನ್ನು ಮಾಡಿದವರು ರಿಯಾಯಿತಿ ಕೊಡುವುದೇ ಇಲ್ಲ. ಅದರ ಡೆಮೊ ಉಚಿತ.

ತಗೊಂಡ ದಿನವೇ ಒಂದೂವರೆ ಗಂಟೆ ಆಡಿ. ಹಿಡಿಸದಿದ್ದರೆ help.steampowered.com ನಲ್ಲಿ ದುಡ್ಡು ವಾಪಸ್ ಕೇಳಿ. ಖರೀದಿಸಿ 14 ದಿನದ ಒಳಗಿರಬೇಕು, ಆಟ 2 ಗಂಟೆ ದಾಟಿರಬಾರದು. ಮೆನು ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತೆ.