ಭಾವನ ಬೀರುವಿನಲ್ಲಿರುವ ರಿಪೋರ್ಟು

*ಗಂಡನಿಗೆ 38 ವರ್ಷ. ಎರಡು ವರ್ಷಗಳಿಂದ ಅವರ ಬೆರಳು, ಭುಜ ತಾವಾಗಿಯೇ ಕುಣಿಯುತ್ತವೆ, ಲೋಟ ಕೈಜಾರುತ್ತದೆ, ಸಣ್ಣದಕ್ಕೂ ರೇಗುತ್ತಾರೆ. ಮಾವನವರಿಗೂ ಹೀಗೇ ಆಗಿತ್ತು, ಆದರೆ ಐವತ್ತು ದಾಟಿದ ಮೇಲೆ. ಅತ್ತೆ ನಾಗದೋಷ ಎನ್ನುತ್ತಾರೆ, ಎರಡನೆಯ ಮಗುವಾದರೆ ಸರಿಹೋಗುತ್ತದಂತೆ. ಒಂಬತ್ತು ವರ್ಷದ ಮಗನ ರಕ್ತವನ್ನು ಗುಟ್ಟಾಗಿ ಪರೀಕ್ಷೆ ಮಾಡಿಸಲೇ? ಅಂದ ಹಾಗೆ, ಮಾವನವರ ಹಳೆಯ ರಿಪೋರ್ಟು ಭಾವನ ಬಳಿ ಇದೆ, 43 ಎಂದೇನೋ ಬರೆದಿತ್ತಂತೆ.*
— ಹೆಸರು ಬೇಡ, ದಾವಣಗೆರೆ

ತಂಗೀ, "ಅಂದ ಹಾಗೆ" ಎಂದು ಕೊನೆಗೆ ಸೇರಿಸಿದಿರಲ್ಲ, ನಿಮ್ಮ ಪತ್ರದ ತಿರುಳೇ ಅದು. ಮದುವೆಗೆ ಜಾತಕ ಬಿಚ್ಚುವ ಮನೆಯವರು ಕಾಯಿಲೆಯ ಕಾಗದವನ್ನು ಬೀರುವಿನಲ್ಲಿ ಬಚ್ಚಿಡುತ್ತಾರೆ ಎಂದು ನಾನು ಬರೆಯುವುದು ಇದು ಮೊದಲ ಸಲವಲ್ಲ. ಅತ್ತೆಯ ನಾಗದೋಷವನ್ನು ಕ್ಷಮಿಸಬಲ್ಲೆ, ಓದಿ ತಿಳಿದೂ ಸುಮ್ಮನಿದ್ದ ಭಾವನನ್ನು ಕ್ಷಮಿಸಲಾರೆ.

ಆ 43 ನಾನು ಊಹಿಸುವ ಲೆಕ್ಕವೇ ಆಗಿದ್ದರೆ ಇದು ಹಂಟಿಂಗ್ಟನ್ ಕಾಯಿಲೆ. ನಾಲ್ಕನೆಯ ವರ್ಣತಂತುವಿನ ಒಂದು ಜೀನ್‌ನಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 26ರವರೆಗೆ ತೊಂದರೆಯಿಲ್ಲ. 40 ಮುಟ್ಟಿದರೆ ಸಾಮಾನ್ಯ ಆಯುಷ್ಯದೊಳಗೆ ಕಾಯಿಲೆ ಬಂದೇ ಬರುತ್ತದೆ, ಮಿದುಳಿನ ಆಳದಲ್ಲಿ ಚಲನೆಯನ್ನು ಹದದಲ್ಲಿಡುವ ಸ್ಟ್ರಯೇಟಮ್ ಸವೆಯುತ್ತದೆ. ಕೈ ಕುಣಿಯುವುದೂ ಅದರಿಂದಲೇ, ರೇಗುವುದೂ ಬಹುಮಟ್ಟಿಗೆ ಅದರಿಂದಲೇ. ಹಾಗಾಗಿ ಗಂಡನ ಸಿಟ್ಟನ್ನು ಅವರ ಸ್ವಭಾವದ ಖಾತೆಗೆ ಬರೆಯಬೇಡಿ.

ಮಾವನಿಗೆ ಐವತ್ತರ ಮೇಲೆ ಬಂದದ್ದು ಮಗನಿಗೆ ಮೂವತ್ತಾರಕ್ಕೇ ಏಕೆ? ವೀರ್ಯಾಣು ತಯಾರಾಗುವಾಗ ಈ ಮೂರಕ್ಷರದ ಸರಪಳಿ ಸುಲಭವಾಗಿ ಉದ್ದವಾಗುತ್ತದೆ, ಉದ್ದವಾದಷ್ಟೂ ಕಾಯಿಲೆ ಬೇಗ ತಲೆದೋರುತ್ತದೆ. ತಾಯಿಯಿಂದ ಬಂದರೆ ಸಾಮಾನ್ಯವಾಗಿ ಅಷ್ಟು ಬೆಳೆಯುವುದಿಲ್ಲ. ಮಾವನ 43 ನಿಮ್ಮ ಗಂಡನಲ್ಲಿ 48 ಆಗಿರಬಹುದು, ಬೇರೇನೋ ಆಗಿರಬಹುದು. ಆ ಸಂಖ್ಯೆ ಅಂದಾಜು ಕೊಡುತ್ತದೆ, ತಾರೀಖು ಹೇಳುವುದಿಲ್ಲ.

ಮಗನ ರಕ್ತ ತೆಗೆಸಬೇಡಿ. ಅವನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಬಾರದಂತೆ ತಡೆಯುವ ಔಷಧವಿಲ್ಲದಿರುವಾಗ ಲಕ್ಷಣವಿಲ್ಲದ ಹುಡುಗನ ಹಣೆಗೆ ಸಂಖ್ಯೆ ಅಂಟಿಸಿ ಪ್ರಯೋಜನವೇನು? ಹದಿನೆಂಟಾದ ಮೇಲೆ ತಿಳಿಯಬೇಕೋ ಬೇಡವೋ ಎಂದು ಅವನೇ ನಿರ್ಧರಿಸಲಿ. ಮಕ್ಕಳಲ್ಲಿ ಈ ಕಾಯಿಲೆ ಕುಣಿತಕ್ಕಿಂತ ಹೆಚ್ಚಾಗಿ ಬಿಗಿತವಾಗಿ ಬರುತ್ತದೆ: ನಡಿಗೆ ಪೆಡಸಾಗುತ್ತದೆ, ಓದು ಹಿಂದೆ ಬೀಳುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಅಂಥದ್ದು ಕಂಡರೆ ಮಾತು ಬೇರೆ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಎರಡನೆಯ ಮಗುವಿಗೂ ಅದೇ ಅರ್ಧದ ಅಪಾಯ. ಗರ್ಭದಲ್ಲೇ, ಹನ್ನೊಂದು ವಾರದ ಸುಮಾರಿಗೆ, ಪರೀಕ್ಷೆ ಸಾಧ್ಯ. ಆದರೆ ಅದಕ್ಕೆ ಮೊದಲು ಗಂಡನ ಫಲಿತಾಂಶ ಕೈಯಲ್ಲಿರಬೇಕು.

ಆದ್ದರಿಂದ ಮಾಡಬೇಕಾದದ್ದು ಒಂದೇ. ಆ ರಿಪೋರ್ಟನ್ನು ಪಡೆದು, ಗಂಡನಿಗೆ ಎಲ್ಲ ತಿಳಿಸಿ, ಅವರೊಂದಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವಿಭಾಗಕ್ಕೆ ಹೋಗಿ. ಅವರಿಗೆ ಹೇಳದೆ ಏನನ್ನೂ ಮಾಡಿಸಬೇಡಿ. ಭಾವ ಕಾಗದ ಕೊಡದಿದ್ದರೂ ಹೋಗಿ, ಗಂಡನ ರಕ್ತವೇ ಸಾಕು. ಕೊಡದೆ ತಪ್ಪಿಸಿಕೊಳ್ಳುತ್ತಿದ್ದರೆ ಒಂದು ಮಾತು ನೆನಪಿರಲಿ: ಅವರೂ ಅದೇ ತಂದೆಯ ಮಗ.