ಅಧಿಕ ಜ್ಯೇಷ್ಠ ಮುಗಿದ ಮೇಲೆ ಮದುವೆ: ಜೂನ್‌ನಲ್ಲೇ ಇಡಬಹುದೇ?

"2026ರ ಮೇನಲ್ಲಿ ಅಧಿಕ ಮಾಸ ಅಂತ ಮಗಳ ಮದುವೆ ಜೂನ್ ಕೊನೆಗೆ ತಳ್ಳಿದ್ದೀವಿ. ಹುಡುಗನೂ ಹಿರಿಮಗ, ನಮ್ಮವಳೂ ಹಿರಿಮಗಳು. ತೊಂದರೆ ಇದೆಯಾ?"

ಇದೆ ಸರ್, ಚೌಲ್ಟ್ರಿಗೆ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ. ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಜೂನ್ 16ರಿಂದ ನಿಜ ಜ್ಯೇಷ್ಠ, ಅದರಲ್ಲಿ ಮದುವೆಗಳು ನಡೆಯುತ್ತವೆ. ಆದರೆ ವರ ಜ್ಯೇಷ್ಠ, ವಧು ಜ್ಯೇಷ್ಠೆ, ತಿಂಗಳೂ ಜ್ಯೇಷ್ಠ ಆದರೆ ಅದು ತ್ರಿಜ್ಯೇಷ್ಠ. ಇದನ್ನು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ಇಬ್ಬರಲ್ಲಿ ಒಬ್ಬರು ಎರಡನೆಯವರಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಜುಲೈ 15ರಿಂದ ಆಗಸ್ಟ್ 12ರವರೆಗೆ ಆಷಾಢ, ಅದನ್ನು ಬಿಡಿ. ಆಮೇಲೆ ಶ್ರಾವಣ. ಚಾತುರ್ಮಾಸ್ಯದ ಒಳಗೇ ಬಂದರೂ ನಮ್ಮ ಕಡೆ ಶ್ರಾವಣದಲ್ಲಿ ಮದುವೆ ಮಾಡುತ್ತಾರೆ, ಉತ್ತರದವರು ಮಾಡುವುದಿಲ್ಲ. ಹಾಗಾಗಿ ಬೀಗರನ್ನು ಮೊದಲೇ ಬಾಯಿಬಿಟ್ಟು ಕೇಳಿ: "ನಿಮ್ಮಲ್ಲಿ ಚಾತುರ್ಮಾಸ್ಯದಲ್ಲಿ ಮದುವೆ ಮಾಡ್ತೀರಾ?" ನಮ್ಮ ಅಣ್ಣನ ಮನೆಯಲ್ಲಿ ಇದನ್ನು ಕೇಳದೆ ಲಗ್ನಪತ್ರಿಕೆ ಎರಡು ಸಲ ಅಚ್ಚು ಹಾಕಿಸಬೇಕಾಯಿತು, ಅತ್ತಿಗೆ ಅತ್ತೇ ಬಿಟ್ಟರು.

ಮಾಡ್ತೀವಿ ಅಂದರೆ ಆಗಸ್ಟ್ ಕೊನೆ ನೋಡಿ. ಆಷಾಢದ ಹೊತ್ತಿಗೆ ಗುರು ಅಸ್ತನಾಗಿರುತ್ತಾನೆ, ಉದಯವಾದ ದಿನವನ್ನು ಪಂಚಾಂಗದಲ್ಲಿ ಪುರೋಹಿತರಿಂದ ಖಚಿತ ಮಾಡಿಸಿಕೊಳ್ಳಿ. ಇಲ್ಲ ಅಂದರೆ ತುಳಸಿ ಹಬ್ಬ ಕಳೆದ ನಂತರ, ನವೆಂಬರ್ ಕೊನೆಗೆ ಇಟ್ಟುಕೊಳ್ಳಿ. ಸೀರೆ, ಚಿನ್ನದ ಖರೀದಿಯನ್ನು ಮಾತ್ರ ಈಗಲೇ ಶುರು ಮಾಡಬಹುದು.