‘ಯಾವುದು ಸರಿಯಲ್ಲ’ ಎಂಬ ಪ್ರಶ್ನೆಗೆ ಎಡವದಿರುವುದು ಹೇಗೆ?

ಪ್ರಶ್ನೆ: ಉಡುಪಿಯಲ್ಲಿ ಹೋಟೆಲ್ ಅಡುಗೆಮನೆ ಕೆಲಸ. ಆಹಾರ ಸುರಕ್ಷತೆ ಪರೀಕ್ಷೆಯಲ್ಲಿ ‘ಯಾವುದು ಸರಿಯಲ್ಲ’, ‘ಸರಿಯೋ ತಪ್ಪೋ’ ಅಂತ ಕೇಳಿದರೆ ಉತ್ತರ ಗೊತ್ತಿದ್ದೂ ತಪ್ಪು ಗುರುತು ಹಾಕುತ್ತೇನೆ. ಏನು ಮಾಡಲಿ?

‘ಸರಿಯಲ್ಲ’ ಎಂಬ ಪದಕ್ಕೆ ಗೆರೆ ಎಳೆದು, ಆಮೇಲೆ ಅದನ್ನು ಮರೆತುಬಿಡಿ. ಒಂದೊಂದು ಆಯ್ಕೆಯನ್ನೂ ಬಿಡಿ ವಾಕ್ಯದಂತೆ ಓದಿ, ಪಕ್ಕದಲ್ಲಿ ‘ಸ’ ಅಥವಾ ‘ತ’ ಎಂದು ಬರೆಯಿರಿ. ನಾಲ್ಕೂ ಮುಗಿದ ಮೇಲಷ್ಟೇ ಪ್ರಶ್ನೆಗೆ ವಾಪಸ್ ಬನ್ನಿ.

ಬಂಗುಡೆಯನ್ನೇ ತೆಗೆದುಕೊಳ್ಳಿ. ಯಾವುದು ಸರಿಯಲ್ಲ?

ಅ) ಹಿಡಿದ ಮೇಲೆ ಐಸ್ ಹಾಕದೆ ಬಿಟ್ಟರೆ, ತಿಂದವರಿಗೆ ತೊಂದರೆ ಕೊಡುವ ಹಿಸ್ಟಮಿನ್ ಎಂಬ ವಸ್ತು ಹೆಚ್ಚಬಹುದು.
ಆ) ಹಿಸ್ಟಮಿನ್ ಹೆಚ್ಚಿದ ಮೀನು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು.
ಇ) ಚೆನ್ನಾಗಿ ಬೇಯಿಸಿದರೆ ಹಿಸ್ಟಮಿನ್ ನಾಶವಾಗುತ್ತದೆ.
ಈ) ಫ್ರೀಜರ್‌ನಲ್ಲಿಟ್ಟರೂ ಆಗಲೇ ಉಂಟಾದ ಹಿಸ್ಟಮಿನ್ ಹೋಗುವುದಿಲ್ಲ.

ಅವಸರದಲ್ಲಿ ಓದುವವರು ‘ಅ’ಗೇ ಟಿಕ್ ಹಾಕುತ್ತಾರೆ, ಏಕೆಂದರೆ ಅದು ನಿಜ. ಇನ್ನು ಕೆಲವರು ‘ಈ’ಯಲ್ಲಿ ‘ಇಲ್ಲ’ ಕಂಡು ಅದೇ ಉತ್ತರ ಎಂದುಕೊಳ್ಳುತ್ತಾರೆ. ನಿಜಕ್ಕೂ ‘ತ’ ಬೀಳುವುದು ‘ಇ’ಗೆ ಮಾತ್ರ. ಮೀನಿನ ಮಾಂಸದಲ್ಲಿರುವ ಹಿಸ್ಟಿಡಿನ್ ಅನ್ನು ಬ್ಯಾಕ್ಟೀರಿಯಾ ಹಿಸ್ಟಮಿನ್ ಆಗಿ ಬದಲಾಯಿಸುತ್ತದೆ. ಬೆಂಕಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಮಾಡಿಟ್ಟ ಹಿಸ್ಟಮಿನ್ ಮಾತ್ರ ಉಳಿಯುತ್ತದೆ. ಕಾವಲಿಯ ಮೇಲೆ ಗರಿಗರಿಯಾಗಿ ಹುರಿದರೂ ಅಷ್ಟೇ.

ಸರಿ–ತಪ್ಪು ಪ್ರಶ್ನೆಯ ಬಲೆ ಬೇರೆ ಥರ. ಅಲ್ಲಿ ಅರ್ಧ ನಿಜ, ಅರ್ಧ ಸುಳ್ಳು ಇರುತ್ತದೆ. ‘ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಕುದಿಯುವಷ್ಟು ಬಿಸಿ ಮಾಡಿದರೆ ಸುರಕ್ಷಿತ, ಏಕೆಂದರೆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ.’ ‘ಏಕೆಂದರೆ’ ಇರುವಲ್ಲಿ ವಾಕ್ಯವನ್ನು ಎರಡು ತುಂಡು ಮಾಡಿ. ಎರಡನೆಯ ತುಂಡು ಬಹುಮಟ್ಟಿಗೆ ನಿಜವೇ, ಆದ್ದರಿಂದಲೇ ನಂಬಿಬಿಡುತ್ತೇವೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ತಣಿದು 60 ಡಿಗ್ರಿಗಿಂತ ಕೆಳಗೆ ಬಂದು ಗಂಟೆಗಟ್ಟಲೆ ಹಾಗೇ ಕೂತರೆ ಅದು ಮೊಳೆತು ಬೆಳೆಯುತ್ತದೆ, ವಾಂತಿ ಬರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಜಗ್ಗುವುದಿಲ್ಲ. ಉತ್ತರ: ತಪ್ಪು. ಮನೆಯಲ್ಲಿ ಎಲ್ಲರೂ ಹಾಗೇ ಉಣ್ಣುತ್ತಾರಲ್ಲ ಎಂಬ ವಾದ ಉತ್ತರ ಪತ್ರಿಕೆಯಲ್ಲಿ ನಡೆಯುವುದಿಲ್ಲ.

‘ಯಾವಾಗಲೂ’, ‘ಮಾತ್ರ’, ‘ಎಲ್ಲ’ ಕಂಡರೆ ತಪ್ಪು ಎಂದೇ ಬರೆಯಿರಿ ಎನ್ನುವ ಕೋಚಿಂಗ್ ಸೂತ್ರವನ್ನು ನಂಬಬೇಡಿ. ‘ಫ್ರಿಡ್ಜ್‌ನಲ್ಲಿ ಹಸಿ ಮೀನನ್ನು ಯಾವಾಗಲೂ ಬೆಂದ ಪದಾರ್ಥದ ಕೆಳಗೇ ಇಡಬೇಕು’ ಎಂಬುದು ಸರಿ, ಅದರ ನೀರು ಕೆಳಗೆ ಸೋರುತ್ತದೆ. ‘ಫ್ರೀಜರ್‌ನಲ್ಲಿ ಎಲ್ಲ ಬ್ಯಾಕ್ಟೀರಿಯಾ ಸಾಯುತ್ತದೆ’ ಎಂಬುದು ತಪ್ಪು, ಹಲವು ಬೆಳೆಯುವುದನ್ನು ನಿಲ್ಲಿಸಿ ಬದುಕಿಯೇ ಇರುತ್ತವೆ. ಪದ ನೋಡಿ ತೀರ್ಮಾನಿಸುವ ಬದಲು ಒಂದೇ ಒಂದು ಅಪವಾದ ಸಿಗುತ್ತದಾ ಎಂದು ಹುಡುಕಿ.

ಎರಡೆರಡು ‘ಇಲ್ಲ’ ಬಂದರೆ, ಉದಾಹರಣೆಗೆ ‘ಫ್ರೀಜರ್‌ನಲ್ಲಿ ಹಿಸ್ಟಮಿನ್ ಹೋಗುವುದಿಲ್ಲ ಎಂಬುದು ಸರಿಯಲ್ಲ’ ಎಂದಿದ್ದರೆ, ಮೊದಲು ಬರೀ ‘ಹೋಗುತ್ತದೆ’ ಎಂದು ಓದಿ: ತ. ಒಂದು ‘ಇಲ್ಲ’ ಸೇರಿಸಿ: ಸ. ಇನ್ನೊಂದು: ತ.